ರಾಯಲ್ಟಿ ಬಾಕಿ: ದುಡ್ಡಿಗಿಂತ ಮೊದಲು ಲೆಕ್ಕ ಕೇಳಿ

ಪ್ರಶ್ನೆ: "ನನ್ನ ಮೊದಲ ಕಾದಂಬರಿ ಬಂದು ನಾಲ್ಕೂವರೆ ವರ್ಷ ಆಯ್ತು. ಮೊದಲ ಮುದ್ರಣ 1000 ಪ್ರತಿ. ಮಾರಾಟವಾದ ಪ್ರತಿಗಳಿಗೆ ಮುಖಬೆಲೆಯ ಮೇಲೆ ಶೇ. 10 ರಾಯಲ್ಟಿ, ಪುಸ್ತಕ ಬಂದ ದಿನದಿಂದ ಒಂದೊಂದು ವರ್ಷ ಮುಗಿದ 90 ದಿನದೊಳಗೆ ಲೆಕ್ಕ ಮತ್ತು ಹಣ ಅಂತ ಒಪ್ಪಂದದಲ್ಲಿದೆ. ಮೊದಲ ವರ್ಷ 412 ಪ್ರತಿಗೆ ಹಣ ಬಂತು. ಆಮೇಲಿನ ಮೂರು ವರ್ಷದ್ದು ಏನೂ ಬಂದಿಲ್ಲ. ಫೋನ್ ಮಾಡಿದರೆ 'ಪುಸ್ತಕ ಓಡ್ತಿಲ್ಲ, ಅಂಗಡಿಯವರು ದುಡ್ಡು ಕೊಟ್ಟಿಲ್ಲ' ಅಂತಾರೆ. ಹೋದ ತಿಂಗಳು ಅಂಗಡಿಯಲ್ಲಿ ನನ್ನ ಪುಸ್ತಕ ತೆಗೆದು ನೋಡಿದರೆ ಒಳಪುಟದಲ್ಲಿ 'ಎರಡನೇ ಮುದ್ರಣ' ಅಂತಿತ್ತು. ನನಗೆ ಹೇಳಿಯೇ ಇರಲಿಲ್ಲ. ಸಂಬಂಧ ಕೆಡಿಸಿಕೊಳ್ಳದೆ ಹೇಗೆ ಕೇಳಲಿ? ಕೋರ್ಟಿಗೆ ಹೋಗಲೇಬೇಕಾ?"

ಉತ್ತರ: ಎರಡನೇ ಮುದ್ರಣದ ಆ ಪ್ರತಿಯನ್ನು ಕೊಂಡಿರಾ? ಇಲ್ಲದಿದ್ದರೆ ಮೊದಲು ಹೋಗಿ ಒಂದು ಪ್ರತಿ ಕೊಂಡುಬನ್ನಿ, ಬಿಲ್ ಜೋಪಾನವಾಗಿಡಿ. ಮುದ್ರಣದ ವರ್ಷ, ಮುದ್ರಣ ಸಂಖ್ಯೆ, ಮುದ್ರಕರ ಹೆಸರು ಇರುವ ಆ ಒಂದು ಪುಟ ನಿಮ್ಮ ಕೈಯಲ್ಲಿರುವ ಅತಿ ಗಟ್ಟಿ ದಾಖಲೆ. "ಓಡ್ತಿಲ್ಲ" ಅನ್ನುವ ಪುಸ್ತಕವನ್ನು ಯಾರೂ ಮತ್ತೆ ಅಚ್ಚು ಹಾಕಿಸುವುದಿಲ್ಲ.

ನಾನು ಬಹಳ ವರ್ಷ ಒಂದು ಪ್ರಕಾಶನ ಸಂಸ್ಥೆಯ ಲೆಕ್ಕದ ವಿಭಾಗದಲ್ಲಿದ್ದೆ. ಈಗ ಲೇಖಕರ ಒಪ್ಪಂದಗಳನ್ನು ನೋಡಿಕೊಡುತ್ತೇನೆ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು. ರಾಯಲ್ಟಿ ನಿಲ್ಲುವುದಕ್ಕೆ ಯಾವಾಗಲೂ ಮೋಸವೇ ಕಾರಣ ಆಗಿರುವುದಿಲ್ಲ. ಪುಸ್ತಕ ಇವತ್ತು ಅಂಗಡಿಗೆ ಹೋದರೆ ದುಡ್ಡು ಆರು ತಿಂಗಳ ಮೇಲೆ ಬರಬಹುದು, ಒಂದಷ್ಟು ಪ್ರತಿ ವಾಪಸ್ಸೂ ಬರಬಹುದು. ಬಂದ ದುಡ್ಡು ಒಂದೇ ಖಾತೆಗೆ ಸೇರುತ್ತದೆ. ಕಾಗದದವರು, ಮುದ್ರಕರು ದಿನಾ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಲೇಖಕರು ಬರುವುದಿಲ್ಲ. ಕೇಳದವರ ಬಾಕಿ ಕೊನೆಗೆ ಉಳಿಯುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಇನ್ನೊಂದು ತೊಂದರೆ ಇದೆ. ಯಾವ ಅಂಗಡಿಯಿಂದ ಎಷ್ಟು ಬರಬೇಕು ಎಂಬ ಲೆಕ್ಕ ಇರುತ್ತದೆ, ಯಾವ ಪುಸ್ತಕ ಎಷ್ಟು ಹೋಯಿತು ಎಂಬ ಲೆಕ್ಕ ಇರುವುದಿಲ್ಲ. ಲೇಖಕರು ಕೇಳಿದ ದಿನ ಹಳೆಯ ಬಿಲ್‌ಗಳನ್ನೆಲ್ಲ ಹರಡಿಕೊಂಡು ಕೂತು ಎಣಿಸಬೇಕು. ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ, "ಓಡ್ತಿಲ್ಲ" ಅಂದುಬಿಡುವುದು ಸುಲಭ.

ಇದನ್ನು ಹೇಳಿದ್ದು ಅವರ ಪರ ವಹಿಸುವುದಕ್ಕಲ್ಲ. ನೀವು ಫೋನಿನಲ್ಲಿ "ದುಡ್ಡು ಯಾವಾಗ ಕೊಡ್ತೀರಿ" ಅಂತ ಕೇಳಿದಷ್ಟು ದಿನವೂ ಸಿಗುವುದು ಇದೇ ಉತ್ತರ. ಯಾಕೆಂದರೆ ದುಡ್ಡು ಎಷ್ಟು ಅನ್ನುವುದು ನಿಮಗೂ ಗೊತ್ತಿಲ್ಲ, ಬಹುಶಃ ಅವರಿಗೂ ಗೊತ್ತಿಲ್ಲ. ಅದಕ್ಕೇ ಮೊದಲು ಲೆಕ್ಕ ಕೇಳಿ. ಲೆಕ್ಕ ಕೊಡುವುದಕ್ಕೆ ದುಡ್ಡು ಬೇಕಾಗಿಲ್ಲ, ಆದ್ದರಿಂದ "ಕಷ್ಟದಲ್ಲಿದ್ದೇವೆ" ಎಂಬ ಮಾತು ಅದಕ್ಕೆ ಅಡ್ಡ ಬರುವುದಿಲ್ಲ.

ಇನ್ನು "ಅಂಗಡಿಯವರು ದುಡ್ಡು ಕೊಟ್ಟಿಲ್ಲ" ಅನ್ನುವ ಮಾತು. ಇದರಲ್ಲಿ ಅರ್ಧ ನಿಜ ಇದೆ. ಅಂಗಡಿಗೆ ಪುಸ್ತಕ ಹೋಗುವ ದಾರಿ ಎರಡು. ಒಂದು, "ಇಟ್ಟುಕೊಳ್ಳಿ, ಮಾರಾಟವಾದರೆ ದುಡ್ಡು ಕೊಡಿ, ಇಲ್ಲದಿದ್ದರೆ ವಾಪಸ್ ಮಾಡಿ" ಅಂತ ಕೊಡುವುದು. ಆ ಪ್ರತಿ ಗಿರಾಕಿಯ ಕೈ ಸೇರುವ ತನಕ ಮಾರಾಟವಾಗಿಲ್ಲ ಅನ್ನುವ ವಾದ ಸರಿಯೇ. ಇನ್ನೊಂದು, ಸಾಲದ ಮೇಲೆ ಬಿಲ್ ಮಾಡಿ ಮಾರುವುದು. ಅಲ್ಲಿ ಮಾರಾಟ ಮುಗಿದಿದೆ. ಅಂಗಡಿಯವರು ದುಡ್ಡು ತಡ ಮಾಡಿದರೆ ಅದು ಅವರ ಮತ್ತು ಪ್ರಕಾಶಕರ ನಡುವಿನ ವ್ಯವಹಾರ. ನಿಮ್ಮ ಒಪ್ಪಂದದಲ್ಲಿ "ಮಾರಾಟವಾದ ಪ್ರತಿಗಳಿಗೆ" ಅಂತಿದೆ ಅಂದಿರಿ. "ವಸೂಲಾದ ಹಣದ ಮೇಲೆ" ಅಂತ ಇದ್ದಿದ್ದರೆ ಮಾತು ಬೇರೆ ಆಗುತ್ತಿತ್ತು. ಆ ಸಾಲನ್ನು ಇನ್ನೊಂದು ಸಲ ಓದಿ ಖಚಿತ ಮಾಡಿಕೊಳ್ಳಿ. ಅಚ್ಚಿನ ಖರ್ಚು ವಾಪಸ್ ಬಂದ ಮೇಲೇ ರಾಯಲ್ಟಿ ಅನ್ನುವ ಮಾತನ್ನೂ ಕೆಲವರು ಹೇಳುತ್ತಾರೆ. ಒಪ್ಪಂದದಲ್ಲಿ ಹಾಗೆ ಬರೆದಿಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ರಾಯಲ್ಟಿ ಲಾಭದ ಪಾಲಲ್ಲ, ಮಾರಾಟದ ಪಾಲು.

ಈಗ ಪತ್ರ ಬರೆಯುವ ಮೊದಲು ನೀವೇ ಒಂದು ಅಂದಾಜು ಮಾಡಿಕೊಳ್ಳಿ. ಶೇ. 10 ರಾಯಲ್ಟಿಯನ್ನು ಸುಲಭವಾಗಿ ಲೆಕ್ಕ ಹಾಕಬೇಕಾದರೆ ಹತ್ತು ಪ್ರತಿ ಮಾರಾಟವಾದರೆ ಒಂದು ಪ್ರತಿಯ ಮುಖಬೆಲೆ ನಿಮ್ಮದು ಅಂದುಕೊಳ್ಳಿ. ಮೊದಲ ಮುದ್ರಣ 1000. ಅದರಲ್ಲಿ ನಿಮಗೆ ಕೊಟ್ಟ ಗೌರವ ಪ್ರತಿ 25, ವಿಮರ್ಶೆಗೆ, ಪ್ರಚಾರಕ್ಕೆ ಹೋಗಿದ್ದು 50 ಅಂತ ಇಟ್ಟುಕೊಳ್ಳೋಣ. ಇವಕ್ಕೆ ರಾಯಲ್ಟಿ ಇಲ್ಲ. ಉಳಿದಿದ್ದು 925. ಅದರಲ್ಲಿ 412ಕ್ಕೆ ಹಣ ಬಂದಿದೆ. ಇನ್ನು 513. ಎರಡನೇ ಮುದ್ರಣ ಬಂದಿದೆ ಅಂದರೆ ಈ 513ರಲ್ಲಿ ಹೆಚ್ಚಿನವು ಖರ್ಚಾಗಿರಬೇಕು. ಅಂದರೆ ಸುಮಾರು 51 ಪ್ರತಿಗಳ ಮುಖಬೆಲೆಯಷ್ಟು ನಿಮಗೆ ಬರಬೇಕು. ಎರಡನೇ ಮುದ್ರಣದಲ್ಲಿ ಹೋಗಿದ್ದು ಇದರ ಮೇಲೆ.

ಆದರೆ ಈ ಅಂದಾಜನ್ನು ಪತ್ರದಲ್ಲಿ ಬರೆಯಬೇಡಿ. ಈಗ ನೂರು, ಇನ್ನೂರು ಪ್ರತಿಗಳನ್ನೂ ಡಿಜಿಟಲ್ ಯಂತ್ರದಲ್ಲಿ ಮುದ್ರಿಸಬಹುದು. ಹಳೆಯ ಪ್ರತಿಗಳು ಅಂಗಡಿಗಳಲ್ಲಿ ಚದುರಿ ಹೋಗಿ ಗೋದಾಮು ಖಾಲಿ ಆಗಿದ್ದರೂ ಮರುಮುದ್ರಣ ಮಾಡಿಸಿರಬಹುದು. ನೀವು ಒಂದು ಅಂಕಿ ಹೇಳಿದರೆ ಮಾತು ಆ ಅಂಕಿಯ ಮೇಲಿನ ಚೌಕಾಸಿಗೆ ಇಳಿಯುತ್ತದೆ. ನಿಜವಾದ ಅಂಕಿ ಅದಕ್ಕಿಂತ ಜಾಸ್ತಿ ಇದ್ದರೆ ನಷ್ಟ ನಿಮಗೇ. ಅಂದಾಜು ನಿಮ್ಮ ಹತ್ತಿರವೇ ಇರಲಿ, ಲೆಕ್ಕ ಬಂದ ದಿನ ಹೋಲಿಸಿ ನೋಡಲು.

ಮೊದಲ ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನನ್ನ ಕಾದಂಬರಿಯನ್ನು ನೀವು ಪ್ರಕಟಿಸಿದ್ದೀರಿ. ಒಪ್ಪಂದದ ಪ್ರಕಾರ ಪ್ರತಿ ವರ್ಷ ಮುಗಿದ 90 ದಿನದೊಳಗೆ ರಾಯಲ್ಟಿ ಲೆಕ್ಕ ಮತ್ತು ಹಣ ಬರಬೇಕು. ಮೊದಲ ವರ್ಷದ್ದು ಬಂದಿದೆ, ವಂದನೆಗಳು. ಎರಡು, ಮೂರು ಮತ್ತು ನಾಲ್ಕನೇ ವರ್ಷದ್ದು ಬಂದಿಲ್ಲ. ಪುಸ್ತಕ ಎರಡನೇ ಮುದ್ರಣ ಕಂಡಿರುವುದನ್ನು ನೋಡಿದೆ, ಸಂತೋಷವಾಯಿತು. ದಯವಿಟ್ಟು ಈ ಮೂರೂ ವರ್ಷಗಳ ಲೆಕ್ಕವನ್ನು ವರ್ಷವಾರು ಕಳಿಸಿ. ಅದರಲ್ಲಿ ಪ್ರತಿ ಮುದ್ರಣದ ಪ್ರತಿಗಳ ಸಂಖ್ಯೆ ಮತ್ತು ದಿನಾಂಕ, ಮಾರಾಟವಾದವು, ವಾಪಸ್ ಬಂದವು, ಉಚಿತವಾಗಿ ಕೊಟ್ಟವು, ಹಾಳಾದವು, ಈಗ ಉಳಿದಿರುವ ದಾಸ್ತಾನು ಇರಲಿ. ಇ-ಪುಸ್ತಕ, ಆಡಿಯೊ ಅಥವಾ ಅನುವಾದದ ಹಕ್ಕನ್ನು ಯಾರಿಗಾದರೂ ಕೊಟ್ಟಿದ್ದರೆ ಅದರ ವಿವರವೂ ಇರಲಿ. ಈ ಪತ್ರ ತಲುಪಿದ 30 ದಿನದೊಳಗೆ ಲೆಕ್ಕವನ್ನೂ, ಅದರಂತೆ ಬರಬೇಕಾದ ಹಣವನ್ನೂ ಕಳಿಸಬೇಕೆಂದು ಕೋರುತ್ತೇನೆ."

ಇಮೇಲ್ ಕಳಿಸಿ, ಅದೇ ಪತ್ರವನ್ನು ಸಹಿ ಮಾಡಿ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲೂ ಕಳಿಸಿ. ನೋಟಿಸನ್ನು ಹೇಗೆ ಕಳಿಸಬೇಕು ಅಂತ ಒಪ್ಪಂದದಲ್ಲೇ ಹೇಳಿದ್ದರೆ ಅದರಂತೆಯೇ ಮಾಡಿ. ಈ ಪತ್ರದಲ್ಲಿ ಸಿಟ್ಟು ಇಲ್ಲ, ವಕೀಲರ ಮಾತಿಲ್ಲ, ನಿಮ್ಮ ಮನೆಯ ಕಷ್ಟವೂ ಇಲ್ಲ. ಸಂಬಂಧ ಕೆಡುವ ಭಯ ನಿಮಗಿದೆ, ಅದು ಸಹಜ. ಆದರೆ ನಾನು ಕಂಡ ಹಾಗೆ ಸಂಬಂಧ ಕೆಟ್ಟಿದ್ದು ಲೆಕ್ಕ ಕೇಳಿದ್ದಕ್ಕಲ್ಲ. ಮೂರು ವರ್ಷ ಸುಮ್ಮನಿದ್ದು, ಒಂದು ದಿನ ತಡೆಯಲಾರದೆ ನಾಲ್ಕು ಜನರ ಮುಂದೆ ಕೂಗಾಡಿದ್ದಕ್ಕೆ. ನಾನಿದ್ದ ಕಡೆ ಪ್ರತಿ ವರ್ಷ ತಪ್ಪದೆ ಒಂದು ಪತ್ರ ಹಾಕುವ ಲೇಖಕಿಯೊಬ್ಬರಿದ್ದರು. ಅವರ ಲೆಕ್ಕವನ್ನು ನಾವು ಎಲ್ಲರಿಗಿಂತ ಮೊದಲು ಮಾಡಿಟ್ಟುಬಿಡುತ್ತಿದ್ದೆವು. ಅವರ ಮುಂದಿನ ಪುಸ್ತಕಗಳೂ ಅಲ್ಲೇ ಬಂದವು.

ಹೆಚ್ಚಿನ ಪ್ರಕರಣಗಳು ಈ ಪತ್ರದ ಹಂತದಲ್ಲೇ ಅಲುಗಾಡುತ್ತವೆ. ಒಂದು ಲೆಕ್ಕದ ಹಾಳೆ ಬರುತ್ತದೆ. ಆಗ ಸಮಾಧಾನ ಆಗಿ ಕೂರಬೇಡಿ, ಅದನ್ನು ಓದಿ. ಓದುವುದು ಕಷ್ಟವಲ್ಲ. ಮುದ್ರಣವಾದ ಪ್ರತಿಯೊಂದು ಪುಸ್ತಕವೂ ಎಲ್ಲಾದರೂ ಇರಲೇಬೇಕು ಅಲ್ವಾ? ಮಾರಾಟವಾಗಿರಬೇಕು, ಉಚಿತವಾಗಿ ಹೋಗಿರಬೇಕು, ಹಾಳಾಗಿರಬೇಕು, ಇಲ್ಲವೇ ಗೋದಾಮಿನಲ್ಲೋ ಅಂಗಡಿಯಲ್ಲೋ ಇರಬೇಕು. ಈ ನಾಲ್ಕನ್ನೂ ಕೂಡಿದರೆ ಮುದ್ರಣದ ಸಂಖ್ಯೆ ಬರಬೇಕು. ಬರೀ "ಈ ವರ್ಷ ಮಾರಾಟ 60 ಪ್ರತಿ, ರಾಯಲ್ಟಿ ಇಷ್ಟು" ಅಂತ ಒಂದೇ ಸಾಲು ಬಂದರೆ ಅದು ಲೆಕ್ಕವಲ್ಲ, ಬರೀ ಹೇಳಿಕೆ. ಮುದ್ರಣ ಮತ್ತು ದಾಸ್ತಾನಿನ ಅಂಕಿಗಳಿಲ್ಲದೆ ಅದನ್ನು ಪರೀಕ್ಷಿಸಲು ದಾರಿಯೇ ಇಲ್ಲ.

ನಿಮ್ಮ ವಿಷಯದಲ್ಲೇ ನೋಡೋಣ. ಎರಡನೇ ಮುದ್ರಣ 500 ಅಂತ ತಿಳಿಯಿತು ಅನ್ನಿ. ಒಟ್ಟು 1500. ಅವರು ಕಳಿಸಿದ ಹಾಳೆಯಲ್ಲಿ ಇಲ್ಲಿಯ ತನಕ ಮಾರಾಟ 690, ಉಚಿತ 275, ಹಾಳಾದವು 20, ದಾಸ್ತಾನು 515 ಅಂತಿದೆ. ಕೂಡಿ ನೋಡಿದರೆ ಸರಿಯಾಗಿ 1500. ಲೆಕ್ಕ ಹೊಂದುತ್ತದೆ. ಆದರೆ 275 ಉಚಿತ ಪ್ರತಿ ಯಾರಿಗೆ ಹೋದವು? ಮೊದಲು ನಾವು ಅಂದಾಜು ಮಾಡಿದ್ದು 75. ಇಲ್ಲಿ 200 ಪ್ರತಿ ಹೆಚ್ಚಾಗಿ ಉಚಿತದ ಕಡೆ ಸೇರಿವೆ. ಒಪ್ಪಂದದಲ್ಲಿ ಉಚಿತ ಪ್ರತಿಗಳಿಗೆ ಮಿತಿ ಇದೆಯೇ ನೋಡಿ. ಮಿತಿ ಇಲ್ಲದಿದ್ದರೂ ಯಾರಿಗೆ, ಯಾವಾಗ ಕೊಟ್ಟಿರಿ ಅಂತ ಪಟ್ಟಿ ಕೇಳಿ. ರಾಯಲ್ಟಿ ತಪ್ಪಿಸಬೇಕು ಅನ್ನುವವರು ಸಾಮಾನ್ಯವಾಗಿ ಮಾರಾಟದ ಅಂಕಿಯನ್ನು ಸುಮ್ನೆ ಕಡಿಮೆ ಮಾಡುವುದಿಲ್ಲ, ಅದು ತಕ್ಷಣ ಕಾಣುತ್ತದೆ. ಆ ಪ್ರತಿಗಳನ್ನು "ಉಚಿತ", "ಹಾಳಾದವು" ಅನ್ನುವ ಕಡೆ ಸರಿಸುತ್ತಾರೆ. ಸರಿಯಾದ ಪಟ್ಟಿ ಬಂದರೆ ಒಪ್ಪಿಕೊಳ್ಳಿ. ಬರದಿದ್ದರೆ ಆ 200ನ್ನು ಮಾರಾಟಕ್ಕೆ ಸೇರಿಸಿ ಮತ್ತೆ ಲೆಕ್ಕ ಮಾಡಲು ಕೇಳಿ. ಆಗ ಮಾರಾಟ 890 ಆಗುತ್ತದೆ. ಹಣ ಬಂದ 412 ಕಳೆದರೆ 478. ಅಂದರೆ 47.8 ಪ್ರತಿಗಳ ಮುಖಬೆಲೆ. ನಾವು ಅಂದಾಜು ಮಾಡಿದ 51ರ ಹತ್ತಿರವೇ ಇದೆ.

ಇನ್ನೊಂದು ಕಡೆ ಕಣ್ಣಿಡಿ. ರಾಯಲ್ಟಿಯನ್ನು ಯಾವುದರ ಮೇಲೆ ಲೆಕ್ಕ ಮಾಡಿದ್ದಾರೆ? ಮಾರಾಟಗಾರರಿಗೆ ಶೇ. 40 ರಿಯಾಯಿತಿ ಕೊಟ್ಟರೆ ಪ್ರಕಾಶಕರ ಕೈಗೆ ಬರುವುದು ಮುಖಬೆಲೆಯ ಶೇ. 60. ಅದರ ಮೇಲೆ ಶೇ. 10 ಅಂದರೆ ಮುಖಬೆಲೆಯ ಶೇ. 6 ಮಾತ್ರ. ಅದೇ 478 ಪ್ರತಿಗೆ 47.8ರ ಬದಲು 28.7 ಪ್ರತಿಗಳ ಬೆಲೆ ಆಗಿಬಿಡುತ್ತದೆ. ಒಪ್ಪಂದದಲ್ಲಿ ಮುಖಬೆಲೆ ಅಂತಿದ್ದರೂ ಲೆಕ್ಕದಲ್ಲಿ ಬಂದ ಹಣದ ಮೇಲೆ ಹಾಕುವುದು ನಾನು ಅತಿ ಹೆಚ್ಚು ನೋಡಿದ ತಪ್ಪು. ಬಹಳ ಸಲ ಅದು ಬೇಕಂತಲೇ ಮಾಡಿದ್ದಲ್ಲ, ಬೇರೆ ಲೇಖಕರ ಒಪ್ಪಂದದ ಲೆಕ್ಕವನ್ನೇ ನಿಮಗೂ ಹಾಕಿರುತ್ತಾರೆ. ಆದರೆ ಗ್ರಂಥಾಲಯಗಳಿಗೆ ದೊಡ್ಡ ಪ್ರಮಾಣದಲ್ಲಿ, ಹೆಚ್ಚಿನ ರಿಯಾಯಿತಿಯಲ್ಲಿ ಮಾರಿದ ಪ್ರತಿಗಳಿಗೆ ರಾಯಲ್ಟಿ ಕಡಿಮೆ ಅಂತ ಒಪ್ಪಂದದಲ್ಲೇ ಬರೆದಿದ್ದರೆ ಆ ಕಡಿತ ನ್ಯಾಯವೇ.

ವಾಪಸ್ ಬರಬಹುದಾದ ಪ್ರತಿಗಳಿಗೆ ಅಂತ ಒಂದಷ್ಟು ಹಣ ಹಿಡಿದಿಡುವುದೂ ಇದೆ. ಹೊಸ ಪುಸ್ತಕಕ್ಕೆ ಅದು ಅರ್ಥವಾಗುತ್ತದೆ. ಮೂರು ವರ್ಷದ ಹಿಂದಿನ ಮಾರಾಟಕ್ಕೆ ಇನ್ನೂ ಹಿಡಿದಿಟ್ಟಿದ್ದರೆ ಬಿಡಿಸಲು ಕೇಳಿ.

ಲೆಕ್ಕ ಒಪ್ಪಿಗೆಯಾಗಿ, "ಒಟ್ಟಿಗೆ ಕೊಡಲು ಆಗಲ್ಲ" ಅಂದರೆ ಕಂತು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ನಾನಂತೂ ಒಪ್ಪಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಒಟ್ಟು ಬಾಕಿ ಎಷ್ಟು, ಯಾವ ದಿನ ಎಷ್ಟು ಕೊಡುತ್ತಾರೆ ಅನ್ನುವುದು ಅವರ ಸಹಿಯೊಂದಿಗೆ ಬರಹದಲ್ಲಿ ಇರಲಿ. ಭಾಗಶಃ ಹಣ ಕೊಡುವಾಗ "ಪೂರ್ಣ ಮತ್ತು ಅಂತಿಮ ಪಾವತಿ" ಎಂದು ಬರೆದ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. "ಬಾಕಿಯ ಭಾಗವಾಗಿ ಪಡೆದಿದ್ದೇನೆ" ಎಂದು ಬರೆದು ಕೊಡಿ. ಹಣದ ಬದಲು ಪುಸ್ತಕ ಕೊಡುತ್ತೇವೆ ಅಂದರೆ ಅದು ನಿಮ್ಮ ಇಷ್ಟ. ಮಾರುವ ದಾರಿ ನಿಮಗಿದ್ದರೆ ತೆಗೆದುಕೊಳ್ಳಬಹುದು. ಆದರೆ ಆ ಪ್ರತಿಗಳನ್ನು ಮುಖಬೆಲೆಗೆ ಲೆಕ್ಕ ಹಾಕಲು ಬಿಡಬೇಡಿ. ಅಂಗಡಿಯವರಿಗೆ ಯಾವ ಬೆಲೆಗೆ ಕೊಡುತ್ತಾರೋ ಅದೇ ಬೆಲೆಗೆ ಲೆಕ್ಕ ಹಾಕಿಸಿ.

30 ದಿನ ಕಳೆದರೂ ಉತ್ತರ ಬರದಿದ್ದರೆ? ಇನ್ನೊಂದು ಪತ್ರ, 15 ದಿನದ ಗಡುವು. ಈ ಸಲ ಒಪ್ಪಂದದ ಎರಡು ಷರತ್ತುಗಳನ್ನು ಹುಡುಕಿ ಅದರ ಸಂಖ್ಯೆ ಸಮೇತ ಬರೆಯಿರಿ. ಮೊದಲನೆಯದು, ಲೇಖಕರು ಅಥವಾ ಅವರ ಲೆಕ್ಕಪರಿಶೋಧಕರು ಪ್ರಕಾಶಕರ ಪುಸ್ತಕ ಮಾರಾಟದ ಲೆಕ್ಕ ನೋಡಬಹುದು ಎನ್ನುವ ಷರತ್ತು. ಕೆಲವು ಒಪ್ಪಂದಗಳಲ್ಲಿ ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟು, ಆ ಕೊರತೆ ನಿಗದಿತ ಪ್ರಮಾಣವನ್ನು ಮೀರಿರುವುದು ಕಂಡುಬಂದರೆ ಆ ತಪಾಸಣೆಯ ಖರ್ಚೂ ಪ್ರಕಾಶಕರದ್ದೇ ಎಂದಿರುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಲೆಕ್ಕ ಕೊಡದಿದ್ದರೆ, ಹಣ ಕೊಡದಿದ್ದರೆ, ನೋಟಿಸ್ ಕೊಟ್ಟ ಇಷ್ಟು ದಿನದ ಮೇಲೆ ಹಕ್ಕು ಲೇಖಕರಿಗೆ ವಾಪಸ್ ಬರುತ್ತದೆ ಎನ್ನುವ ಷರತ್ತು.

ಕೋರ್ಟಿನ ವಿಷಯ ಕೇಳಿದಿರಿ. 48 ಪ್ರತಿಗಳ ಬೆಲೆಗಾಗಿ ವಕೀಲರನ್ನಿಟ್ಟು ದಾವೆ ನಡೆಸಿದರೆ ಬರುವುದಕ್ಕಿಂತ ಹೋಗುವುದೇ ಜಾಸ್ತಿ. ಇದನ್ನು ನಿಮಗೆ ನೇರವಾಗಿ ಹೇಳಬೇಕು. ವಕೀಲರಿಂದ ಒಂದು ನೋಟಿಸ್ ಕಳಿಸುವ ತನಕ ಸರಿ, ಅದಕ್ಕೆ ಖರ್ಚು ಕಡಿಮೆ, ಕೆಲವೊಮ್ಮೆ ಕೆಲಸವೂ ಆಗುತ್ತದೆ. ಆದರೆ ಮರುಮುದ್ರಣ ಕಾಣುವಂಥ ಕಾದಂಬರಿಯಲ್ಲಿ ನಿಜವಾದ ಆಸ್ತಿ ಬಾಕಿ ಹಣವಲ್ಲ, ಹಕ್ಕು. ಮುಂದಿನ ಹತ್ತು ಹದಿನೈದು ವರ್ಷ ಆ ಪುಸ್ತಕ ಓಡಬಹುದು. ಹಣ ಬಾರದೇ ಹೋದರೂ ಹಕ್ಕು ವಾಪಸ್ ಪಡೆದು ಬೇರೆ ಕಡೆ ಸರಿಯಾದ ಒಪ್ಪಂದದಲ್ಲಿ ತಂದರೆ ನಷ್ಟ ತುಂಬುತ್ತದೆ. ಮಾತುಕತೆಯಲ್ಲಿ ಇದನ್ನೇ ಮುಂದಿಡಿ. "ಬಾಕಿಯನ್ನು ಕಂತಿನಲ್ಲಿ ಕೊಡಿ, ಇಲ್ಲವೇ ಹಕ್ಕು ಬಿಟ್ಟುಕೊಡುವ ಪತ್ರ ಕೊಡಿ" ಅಂದಾಗ ಬಹಳ ಜನ ಪ್ರಕಾಶಕರು ಹಣಕ್ಕೆ ದಾರಿ ಹುಡುಕುತ್ತಾರೆ.

ಇಲ್ಲಿ ಒಂದು ಅಪಾಯ ಇದೆ. ಸಿಟ್ಟಿನಲ್ಲಿ "ಒಪ್ಪಂದ ರದ್ದು" ಅಂತ ನೀವೇ ಘೋಷಿಸಿ, ಇನ್ನೊಬ್ಬರಿಗೆ ಪುಸ್ತಕ ಕೊಟ್ಟುಬಿಡಬೇಡಿ. ಒಪ್ಪಂದದಲ್ಲಿರುವ ನೋಟಿಸಿನ ಅವಧಿ ಮುಗಿಯುವ ಮೊದಲು ಹಾಗೆ ಮಾಡಿದರೆ ತಪ್ಪು ನಿಮ್ಮ ಕಡೆಗೇ ತಿರುಗುತ್ತದೆ, ಹೊಸ ಪ್ರಕಾಶಕರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗೆಯೇ ಜಾಲತಾಣದಲ್ಲಿ "ಕಳ್ಳ" ಅಂತ ಬರೆದರೆ ಮಾನಹಾನಿಯ ಮಾತು ಬಂದು ನಿಮ್ಮ ಬಾಕಿಯ ವಿಷಯ ಮೂಲೆಗೆ ಬೀಳುತ್ತದೆ. ಹಕ್ಕು ವಾಪಸ್ ಬಂದರೂ ಗೋದಾಮಿನಲ್ಲಿ ಉಳಿದ ಪ್ರತಿಗಳ ಗತಿ ಏನು ಅನ್ನುವುದನ್ನೂ ಆ ಪತ್ರದಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಹಳೆಯ ದಾಸ್ತಾನಿನ ಹೆಸರಿನಲ್ಲಿ ವರ್ಷಗಟ್ಟಲೆ ಮಾರಾಟ ನಡೆಯುತ್ತದೆ.

ಕೊನೆಗೆ ದಿನಾಂಕದ ವಿಷಯ. ಬಾಕಿ ವಸೂಲಿಗೆ ದಾವೆ ಹಾಕಲು ಕಾನೂನಿನಲ್ಲಿ ಕಾಲಮಿತಿ ಇರುತ್ತದೆ. ದೇಶದಿಂದ ದೇಶಕ್ಕೆ ಇದು ಬೇರೆ. ಒಪ್ಪಂದದ ಹಣಕ್ಕೆ ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ. ಇದು ಪ್ರತಿ ವರ್ಷದ ಬಾಕಿಗೂ ಬೇರೆ ಬೇರೆಯಾಗಿ ಓಡುತ್ತದೆ. ನಿಮ್ಮ ಎರಡನೇ ವರ್ಷದ ಲೆಕ್ಕ ಮುಗಿದು ಎರಡೂವರೆ ವರ್ಷ ಆಗಿದೆ. ಅದರ 90 ದಿನ ಕಳೆದು ಸುಮಾರು ಎರಡೂಕಾಲು ವರ್ಷ. ಮೂರು ವರ್ಷದ ಮಿತಿ ಇರುವ ಕಡೆ ನೀವಿದ್ದರೆ ಆ ಬಾಕಿಗೆ ಉಳಿದಿರುವುದು ಸುಮಾರು ಒಂಬತ್ತು ತಿಂಗಳು. ನೀವು ಪತ್ರ ಬರೆದ ಮಾತ್ರಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ, ಎಷ್ಟೋ ಲೇಖಕರು ನಿಲ್ಲುತ್ತದೆ ಅಂದುಕೊಂಡು ಕಾಯುತ್ತಾರೆ. ಆದರೆ ಮಿತಿ ಮುಗಿಯುವ ಮೊದಲೇ ಪ್ರಕಾಶಕರು "ಹೌದು, ಇಷ್ಟು ಬಾಕಿ ಇದೆ" ಅಂತ ಸಹಿ ಮಾಡಿ ಬರೆದುಕೊಟ್ಟರೆ, ಈ ಎರಡೂ ದೇಶಗಳಲ್ಲಿ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಫೋನಿನ ಮಾತಿಗೆ ಆ ಬೆಲೆ ಇಲ್ಲ. ಹಾಗಾಗಿ ಈ ವಾರವೇ ಮೊದಲ ಪತ್ರ ಹಾಕಿ, 30 ಮತ್ತು 15 ದಿನದ ಎರಡೂ ಗಡುವು ಮುಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಆ ದಿನದೊಳಗೆ ಸಹಿ ಮಾಡಿದ ಲೆಕ್ಕವಾಗಲಿ, ಬಾಕಿ ಒಪ್ಪಿದ ಪತ್ರವಾಗಲಿ ಕೈಗೆ ಬರದಿದ್ದರೆ, ಒಪ್ಪಂದ, ಮೊದಲ ವರ್ಷದ ಲೆಕ್ಕ, ಎರಡನೇ ಮುದ್ರಣದ ಪ್ರತಿ, ಅದರ ಬಿಲ್ ಮತ್ತು ನಿಮ್ಮ ಎರಡು ಪತ್ರಗಳನ್ನು ತೆಗೆದುಕೊಂಡು ವಕೀಲರ ಹತ್ತಿರ ಹೋಗಿ.